ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯ ಆಚೆಗೆ ಹೋಗುವುದು ಹೇಗೆ?

ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣಕ್ಕೂ ರೈಲು ನಿಲ್ದಾಣಕ್ಕೂ ನಡುವೆ ಇರುವುದು ಸುಮಾರು ಎರಡು ಕಿಲೋಮೀಟರ್. ಇರ್ವಿನ್ ರಸ್ತೆಯಲ್ಲಿ ಆಟೊ ಹಿಡಿದರೆ ಹತ್ತು ಹದಿನೈದು ನಿಮಿಷ. ಸಾಮಾನುಗಳಿಲ್ಲದವರು ನಡೆದೇ ಹೋಗುತ್ತಾರೆ. ವರ್ಷದಲ್ಲಿ ಒಂದು ದಿನ ಮಾತ್ರ, ವಿಜಯದಶಮಿಯ ಮಧ್ಯಾಹ್ನದಿಂದ ರಾತ್ರಿಯವರೆಗೆ, ಈ ಎರಡು ಕಿಲೋಮೀಟರ್ ಇಲ್ಲವಾಗಿಬಿಡುತ್ತದೆ. ರೈಲು ಸಮಯಕ್ಕೆ ಸರಿಯಾಗಿ ಹೊರಡುತ್ತದೆ, ಪ್ರಯಾಣಿಕರು ಬ್ಯಾರಿಕೇಡಿನ ಈಚೆಗೆ ಉಳಿಯುತ್ತಾರೆ. ದಸರಾ ನೋಡಲು ಬಂದವರಿಗಿಂತ, ದಸರೆಗೂ ತಮಗೂ ಸಂಬಂಧವಿಲ್ಲದ ಕೆಲಸಕ್ಕೆ ಅದೇ ದಿನ ಊರಿಗೆ ಬಂದವರು ಹೀಗೆ ಸಿಕ್ಕಿಕೊಳ್ಳುವುದು ಹೆಚ್ಚು. ಪರೀಕ್ಷೆಗೆ ಹೊರಟವರು, ಆಸ್ಪತ್ರೆಯಲ್ಲಿರುವವರಿಗೆ ಊಟ ಒಯ್ಯುವವರು, ಬೆಂಗಳೂರಿನ ರೈಲು ಹಿಡಿಯುವವರು. ಈ ಲೇಖನ ಅವರಿಗಾಗಿ.

ಮೊದಲು ದಾರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಮೆರವಣಿಗೆ ಅರಮನೆಯ ಉತ್ತರದ ಬಲರಾಮ ದ್ವಾರದಿಂದ ಹೊರಬರುತ್ತದೆ. ಚಾಮರಾಜ ವೃತ್ತ ಬಳಸಿ ಕೃಷ್ಣರಾಜ ವೃತ್ತಕ್ಕೆ ಬಂದು, ಅಲ್ಲಿಂದ ಉತ್ತರಕ್ಕೆ ಹೊರಳಿ ಸಯ್ಯಾಜಿರಾವ್ ರಸ್ತೆ ಹಿಡಿಯುತ್ತದೆ. ಆಯುರ್ವೇದ ಆಸ್ಪತ್ರೆ ವೃತ್ತ, ಆರ್‌ಎಂಸಿ ವೃತ್ತ, ಬಂಬೂಬಜಾರ್, ಹೈವೇ ವೃತ್ತ ದಾಟಿ, ನೆಲ್ಸನ್ ಮಂಡೇಲಾ ರಸ್ತೆಯಲ್ಲಿ ಸಾಗಿ ಬನ್ನಿಮಂಟಪದ ಪಂಜಿನ ಕವಾಯತು ಮೈದಾನ ಸೇರುತ್ತದೆ. ಒಟ್ಟು ಐದು ಕಿಲೋಮೀಟರಿನ ಆಸುಪಾಸು. ನಕ್ಷೆಯಲ್ಲಿ ಇದು ದಕ್ಷಿಣದಿಂದ ಉತ್ತರಕ್ಕೆ ಎಳೆದ ಒಂದು ಗೆರೆ. ಆ ದಿನದ ಎಲ್ಲ ತೊಡಕಿಗೂ ಮೂಲ ಈ ಗೆರೆಯೇ.

ಗೆರೆಯ ಪೂರ್ವಕ್ಕೆ ಗ್ರಾಮಾಂತರ ಬಸ್ ನಿಲ್ದಾಣ, ಅಶೋಕ ರಸ್ತೆ, ಸಂತ ಫಿಲೋಮಿನಾ ಚರ್ಚ್, ನಜರ್‌ಬಾದ್, ಮೃಗಾಲಯ, ಉದಯಗಿರಿ ಇವೆ. ಪಶ್ಚಿಮಕ್ಕೆ ದೇವರಾಜ ಮಾರುಕಟ್ಟೆ, ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ, ರೈಲು ನಿಲ್ದಾಣ, ಸರಸ್ವತಿಪುರಂ, ಕುವೆಂಪುನಗರ, ಗೋಕುಲಂ ಇವೆ. ಬನ್ನೂರು, ತಿ. ನರಸೀಪುರ, ಕೊಳ್ಳೇಗಾಲದ ಕಡೆಯಿಂದ ಬರುವವರೆಲ್ಲ ಪೂರ್ವದ ಬದಿಗೆ ಬಂದಿಳಿಯುತ್ತಾರೆ. ಅವರಲ್ಲಿ ಬಹಳ ಜನರಿಗೆ ಬೇಕಾದ ರೈಲು ಮತ್ತು ದೊಡ್ಡ ಸರ್ಕಾರಿ ಆಸ್ಪತ್ರೆ ಪಶ್ಚಿಮದಲ್ಲಿವೆ. ಹಾಗಾಗಿ ಆ ದಿನ ಕೇಳಿಕೊಳ್ಳಬೇಕಾದ ಪ್ರಶ್ನೆ ನಾನು ಹೋಗಬೇಕಾದ ಜಾಗ ಎಷ್ಟು ದೂರ ಎಂಬುದಲ್ಲ, ನಾನು ಗೆರೆ ದಾಟಬೇಕೇ ಎಂಬುದು. ಗೆರೆ ದಾಟದೆ ಹೋಗುವ ಎಂಟು ಕಿಲೋಮೀಟರ್ ಸುಲಭ. ಗೆರೆ ದಾಟಿ ಹೋಗುವ ಎಂಟುನೂರು ಮೀಟರ್ ಸಂಜೆಯವರೆಗೂ ಆಗದ ಕೆಲಸ.

ಅದನ್ನು ದಾಟುವುದು ಅಷ್ಟು ಕಷ್ಟವಾಗುವುದಕ್ಕೆ ಕಾರಣವಿದೆ. ನಗರದ ಪೊಲೀಸ್ ಆಯುಕ್ತರು ಹಬ್ಬಕ್ಕೆ ಮೊದಲು 1988ರ ಮೋಟಾರು ವಾಹನ ಕಾಯ್ದೆಯಡಿ ಅಧಿಸೂಚನೆ ಹೊರಡಿಸುತ್ತಾರೆ. 115ನೇ ಕಲಂ ವಾಹನ ಸಂಚಾರ ನಿರ್ಬಂಧಿಸುವ ಅಧಿಕಾರ ಕೊಡುತ್ತದೆ, 117ನೇ ಕಲಂ ವಾಹನ ನಿಲುಗಡೆಯ ಜಾಗ ಗೊತ್ತುಮಾಡುವ ಅಧಿಕಾರ ಕೊಡುತ್ತದೆ. ಪತ್ರಿಕೆಗಳಲ್ಲಿ ರಸ್ತೆಗಳ ಹೆಸರಿನ ಉದ್ದನೆಯ ಪಟ್ಟಿಯಾಗಿ ಬರುವುದು ಈ ಅಧಿಸೂಚನೆಯೇ. ಆದರೆ ಅದು ಮಾತನಾಡುವುದು ವಾಹನಗಳ ಬಗ್ಗೆ. ಕಾಲ್ನಡಿಗೆಯವರನ್ನು ತಡೆಯುವುದು ರಸ್ತೆಯ ಎರಡೂ ಬದಿಗೆ ಕಟ್ಟಿದ ಮರದ, ಕಬ್ಬಿಣದ ಬ್ಯಾರಿಕೇಡ್ ಮತ್ತು ಅದಕ್ಕೆ ಒತ್ತಿ ನಿಂತ ಜನ. ಬೆಳಿಗ್ಗೆಯೇ ಬಂದು ಜಾಗ ಹಿಡಿದವರು ಹತ್ತು ಹದಿನೈದು ಸಾಲಾಗಿ ನಿಂತಿರುತ್ತಾರೆ. ಮುಂದಿನ ಸಾಲು ತಲುಪುವುದೇ ಆಗದ ಮಾತು. ತಲುಪಿದರೂ ಪೊಲೀಸರು ನಡುವೆ ಬಿಡುವುದಿಲ್ಲ, ಬಿಡಲೂಬಾರದು. ಆನೆಗಳು, ಕುದುರೆಗಳು, ಸ್ತಬ್ಧಚಿತ್ರದ ಲಾರಿಗಳು ಒಂದರ ಹಿಂದೆ ಒಂದು ಬರುವ ರಸ್ತೆ ಅದು. ಬ್ಯಾಗು ಹಿಡಿದು ಓಡುವ ಒಬ್ಬ ಮನುಷ್ಯ ಆನೆಯನ್ನು ಬೆದರಿಸಿದರೆ ಏನಾದೀತೆಂದು ಮಾವುತರಿಗೂ ಕಾವಾಡಿಗಳಿಗೂ ಚೆನ್ನಾಗಿ ಗೊತ್ತು.

ಈ ಗೆರೆ ಯಾವಾಗ ಮುಚ್ಚುತ್ತದೆ, ಯಾವಾಗ ತೆರೆಯುತ್ತದೆ ಎಂಬುದು ಗಡಿಯಾರಕ್ಕಿಂತ ಮುಹೂರ್ತವನ್ನು ಅನುಸರಿಸುತ್ತದೆ. ಬಲರಾಮ ದ್ವಾರದಲ್ಲಿ ನಂದಿಧ್ವಜ ಪೂಜೆಯಾದ ಮೇಲೆ ಕಲಾತಂಡಗಳು, ಸ್ತಬ್ಧಚಿತ್ರಗಳು ಹೊರಡುತ್ತವೆ. ಎರಡರಿಂದ ನಾಲ್ಕು ಗಂಟೆಯ ನಂತರ, ಇನ್ನೊಂದು ಶುಭಲಗ್ನದಲ್ಲಿ ಚಿನ್ನದ ಅಂಬಾರಿಗೆ ಪುಷ್ಪಾರ್ಚನೆ. 2024ರಲ್ಲಿ ನಂದಿಧ್ವಜ ಪೂಜೆಗೆ ಮಧ್ಯಾಹ್ನ 1.41ರಿಂದ 2.10 ಎಂದೂ ಪುಷ್ಪಾರ್ಚನೆಗೆ ಸಂಜೆ 4ರಿಂದ 4.30 ಎಂದೂ ಮುಹೂರ್ತ ಇಟ್ಟಿದ್ದರು. 2025ರಲ್ಲಿ ಮೊದಲನೆಯದು ಮಧ್ಯಾಹ್ನ 1ರಿಂದ 1.18ಕ್ಕೆ ಬಂದರೆ, ಎರಡನೆಯದು 4.42ರಿಂದ 5.06ಕ್ಕೆ ಹೋಯಿತು. ಹೋದ ವರ್ಷ ಆ ಹೊತ್ತಿಗೆ ದಾಟಿದ್ದೆ ಎಂಬ ನೆನಪನ್ನು ನೆಚ್ಚಿಕೊಳ್ಳುವಂತಿಲ್ಲ. ಆಯಾ ವರ್ಷದ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗುವ ಈ ಎರಡು ಸಮಯಗಳೇ ಆ ದಿನದ ರಸ್ತೆಯ ವೇಳಾಪಟ್ಟಿ. ಮೊದಲನೆಯ ಮುಹೂರ್ತಕ್ಕೆ ಎರಡು ಗಂಟೆ ಮುಂಚೆಯೇ ಗೆರೆ ಮುಚ್ಚಿಹೋಗಿದೆ ಎಂದು ತಿಳಿಯುವುದು ಕ್ಷೇಮ. ಅಂದರೆ ಬೆಳಿಗ್ಗೆ 11 ಗಂಟೆಯ ಹೊತ್ತಿಗೆ ನೀವು ಬೇಕಾದ ಬದಿಯಲ್ಲಿರಬೇಕು.

ತೆರೆಯುವ ಲೆಕ್ಕ ಇನ್ನೂ ಸ್ವಾರಸ್ಯಕರ. ಮೆರವಣಿಗೆಯಲ್ಲಿ ಅಂಬಾರಿ ಬರುವುದು ಕಡೆಗೆ. 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಪಕ್ಕದ ಕುಮ್ಕಿ ಆನೆಗಳ ಜೊತೆ ನಿಧಾನವಾಗಿ ಹೆಜ್ಜೆ ಇಡುತ್ತದೆ. ಐದು ಕಿಲೋಮೀಟರ್ ಸಾಗಲು ಸುಮಾರು ಎರಡು ಗಂಟೆ ಹಿಡಿಯುತ್ತದೆಂದು ಇಟ್ಟುಕೊಂಡರೆ, ಗಂಟೆಗೆ ಎರಡೂವರೆ ಕಿಲೋಮೀಟರ್. ಅಂಬಾರಿ ದಾಟಿ ಹೋದ ಕಡೆ ರಸ್ತೆಯ ಕೆಲಸ ಮುಗಿದಂತೆ. ಹಾಗಾಗಿ ಗೆರೆ ಒಮ್ಮೆಗೇ ತೆರೆಯುವುದಿಲ್ಲ, ದಕ್ಷಿಣದಿಂದ ಉತ್ತರಕ್ಕೆ ತುಂಡುತುಂಡಾಗಿ ತೆರೆಯುತ್ತದೆ. ಪುಷ್ಪಾರ್ಚನೆ 5 ಗಂಟೆಗೆ ಆದರೆ, ಆಯುರ್ವೇದ ಆಸ್ಪತ್ರೆ ವೃತ್ತವನ್ನು ಅಂಬಾರಿ ಸುಮಾರು 5.45ರೊಳಗೆ ದಾಟಿರುತ್ತದೆ. ಬನ್ನಿಮಂಟಪದ ಕಡೆ ಮಾತ್ರ ಪಂಜಿನ ಕವಾಯತು ಮುಗಿದು ಜನ ಮನೆಗೆ ಹೋಗುವವರೆಗೂ, ಅಂದರೆ ರಾತ್ರಿ ಹತ್ತರ ಆಚೆಗೂ, ಇಕ್ಕಟ್ಟು ತಪ್ಪುವುದಿಲ್ಲ. ಇದನ್ನು ತಿಳಿಯದೆ, ಉತ್ತರದ ಕಡೆ ಜನ ಕಡಿಮೆ ಇರಬಹುದು ಎಂದುಕೊಂಡು ಸಂಜೆ ಅತ್ತ ಹೋಗುವವರು ಮೆರವಣಿಗೆಯ ಜೊತೆಜೊತೆಗೇ ಸಾಗಿ, ದಾಟುವ ಜಾಗವೇ ಸಿಗದೆ ಬನ್ನಿಮಂಟಪದವರೆಗೂ ಹೋಗಿಬಿಡುತ್ತಾರೆ. ಸಂಜೆ ಕಾಯಲೇಬೇಕಾದರೆ ದಕ್ಷಿಣದ ತುದಿಯ ಹತ್ತಿರ ಕಾಯಬೇಕು.

ಹೊರಟಿತೋ ಇಲ್ಲವೋ ಎಂದು ತಿಳಿಯಲು ಕಿವಿಯೇ ಸಾಕು. ಪುಷ್ಪಾರ್ಚನೆಯ ಹೊತ್ತಿಗೆ ಅರಮನೆಯ ಬಳಿ 21 ಸುತ್ತು ಕುಶಾಲತೋಪು ಹಾರಿಸುತ್ತಾರೆ. ಆ ಸದ್ದು ನಗರದ ಮಧ್ಯಭಾಗದಲ್ಲೆಲ್ಲ ಕೇಳುತ್ತದೆ. ಮುಹೂರ್ತದ ಸಮಯ ಏನೇ ಇರಲಿ, ಮಳೆ ಬಂದು ಅಥವಾ ಮುಂದಿನ ಸ್ತಬ್ಧಚಿತ್ರಗಳು ನಿಧಾನವಾಗಿ ತಡವಾಗಿರಬಹುದು. ತೋಪು ಕೇಳಿಸಿದ ಕ್ಷಣದಿಂದ ಲೆಕ್ಕ ಹಾಕಿದರೆ ತಪ್ಪುವುದಿಲ್ಲ. ಇರ್ವಿನ್ ರಸ್ತೆಯ ಅಡ್ಡದಾರಿಯಲ್ಲಿ ನಿಂತವರು ತೋಪಿನ ನಂತರ ಮುಕ್ಕಾಲು ಗಂಟೆ ಕಾದು, ಅಂಬಾರಿ ಮುಂದೆ ಹೋದುದನ್ನು ನೋಡಿ, ಜನ ಸ್ವಲ್ಪ ಕರಗಲು ಇನ್ನೊಂದು ಅರ್ಧ ಗಂಟೆ ಬಿಡಬೇಕು. ಬ್ಯಾರಿಕೇಡ್ ಬಿಚ್ಚಿದ ಕೂಡಲೇ ನುಗ್ಗುವುದು ಅಪಾಯ. ಅಂಬಾರಿಯ ಹಿಂದೆ ನಡೆದು ಹೋಗುವ ಜನ ಒಂದು ಕಡೆ, ಅಡ್ಡ ದಾಟುವ ಜನ ಇನ್ನೊಂದು ಕಡೆ ತಳ್ಳುತ್ತಾರೆ. ಮಕ್ಕಳೂ ವಯಸ್ಸಾದವರೂ ಜೊತೆಗಿದ್ದರೆ ಆ ಅರ್ಧ ಗಂಟೆ ಕಾಯಲೇಬೇಕು.

ಈಗ ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಬನ್ನೂರಿನ ಒಬ್ಬ ತಾಯಿ, ಮಗಳು. ಮಗಳಿಗೆ ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಕೆಲಸದ ಸಂದರ್ಶನ. ವಿಜಯದಶಮಿಯ ಸಂಜೆ 6 ಗಂಟೆಯ ಸುಮಾರಿಗೆ ಮೈಸೂರಿನಿಂದ ಹೊರಡುವ ರೈಲಿಗೆ ಸೀಟು ಕಾದಿರಿಸಿದ್ದಾರೆ. ಉಳಿದ ದಿನಗಳಲ್ಲಾದರೆ ಮಧ್ಯಾಹ್ನ ಊಟ ಮುಗಿಸಿ ಮೂರೂವರೆಗೆ ಬನ್ನೂರಲ್ಲಿ ಬಸ್ ಹತ್ತಿದರೆ ಸಾಕು. ಆ ದಿನ ಹಾಗೆ ಹೊರಟರೆ ಏನಾಗುತ್ತದೆ? ಬಸ್ಸು ಗ್ರಾಮಾಂತರ ನಿಲ್ದಾಣದವರೆಗೆ ಹೋಗುವುದಿಲ್ಲ. ಪ್ರಕಟಣೆಯಲ್ಲಿ ಗೊತ್ತುಮಾಡಿದ ತಾತ್ಕಾಲಿಕ ನಿಲ್ದಾಣದಲ್ಲಿ, ನಗರದ ಪೂರ್ವ ಅಂಚಿನಲ್ಲಿ ಇಳಿಸಿಬಿಡುತ್ತದೆ. ಅಲ್ಲಿಂದ ಒಳಗೆ ಬರುವಷ್ಟರಲ್ಲಿ 5 ಗಂಟೆ. ಸರಿಯಾಗಿ ಅಂಬಾರಿ ಹೊರಡುವ ಹೊತ್ತು. ರೈಲು ತಪ್ಪಿದಂತೆಯೇ.

ಅವರ ಮುಂದೆ ನಾಲ್ಕು ದಾರಿಗಳಿವೆ. ಅತ್ಯಂತ ಸರಳವಾದುದು ಬೆಳಿಗ್ಗೆಯೇ ಬಂದು ರೈಲು ನಿಲ್ದಾಣದ ಬದಿಯಲ್ಲಿ, ನೆಂಟರ ಮನೆಯಲ್ಲೋ ನಿಲ್ದಾಣದ ತಂಗುಕೋಣೆಯಲ್ಲೋ ಕೂತುಬಿಡುವುದು. ಒಂಬತ್ತರ ಒಳಗೆ ಬನ್ನೂರು ಬಿಟ್ಟರೆ ಹನ್ನೊಂದರೊಳಗೆ ಗೆರೆ ದಾಟಬಹುದು. ಇಡೀ ಮಧ್ಯಾಹ್ನ ಕಾಯಬೇಕಾಗುತ್ತದೆ, ನಿಜ. ಆದರೂ ರೈಲಿನ ಬಗ್ಗೆ ಆತಂಕವಿಲ್ಲ.

ಎರಡನೆಯದು ಅರಮನೆಯ ದಕ್ಷಿಣದಿಂದ ಬಳಸುವುದು. ಮೆರವಣಿಗೆ ಹೊರಡುವುದು ಉತ್ತರದ ಬಾಗಿಲಿನಿಂದ, ಆದ್ದರಿಂದ ಅರಮನೆಯ ದಕ್ಷಿಣಕ್ಕೆ ಗೆರೆ ಇಲ್ಲ. ಮೃಗಾಲಯದ ಕಡೆಯಿಂದ ಬಂದು, ಗನ್‌ಹೌಸ್ ವೃತ್ತ, ಚಾಮರಾಜ ಜೋಡಿ ರಸ್ತೆ, ರಾಮಸ್ವಾಮಿ ವೃತ್ತ, ಅಲ್ಲಿಂದ ಜೆಎಲ್‌ಬಿ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಮೆಟ್ರೊಪೋಲ್ ದಾಟಿ ರೈಲು ನಿಲ್ದಾಣ. ನಕ್ಷೆ ನೋಡಿದವರಿಗೆ ಇದೇ ಹತ್ತಿರದ ದಾರಿ ಎನಿಸುತ್ತದೆ. ಆದರೆ ಅರಮನೆಯ ಸುತ್ತಿನ ರಸ್ತೆಗಳಿಗೂ ನಿರ್ಬಂಧವಿರುತ್ತದೆ, ದೊಡ್ಡಕೆರೆ ಮೈದಾನದ ಸುತ್ತ ವಾಹನಗಳ ಒತ್ತಡವಿರುತ್ತದೆ, ಅರಮನೆಗೆ ಪಾಸ್ ಹಿಡಿದು ಬರುವವರ ದಟ್ಟಣೆಯೂ ಇತ್ತಲೇ. ಹೀಗಾಗಿ ಇದನ್ನು ವಾಹನದ ದಾರಿ ಎನ್ನುವುದಕ್ಕಿಂತ ಕಾಲುದಾರಿ ಎಂದು ತಿಳಿಯಬೇಕು. ಕೈಯಲ್ಲಿ ಒಂದೇ ಚೀಲವಿದ್ದು, ಒಂದೂವರೆ ಗಂಟೆ ಸಮಯವಿದ್ದು, ನಡೆಯುವ ಶಕ್ತಿ ಇದ್ದವರಿಗೆ ಒದಗುತ್ತದೆ. ಆಟೊದವರು ಒಪ್ಪಿದಷ್ಟು ದೂರ ಹೋಗಿ, ಸಿಕ್ಕಿಕೊಂಡ ಕಡೆ ಇಳಿದು ನಡೆಯುವುದು ಜಾಣತನ.

ಮೂರನೆಯದು ಹೊರವರ್ತುಲ ರಸ್ತೆ. ಬನ್ನೂರು ರಸ್ತೆ ವರ್ತುಲ ರಸ್ತೆಯನ್ನು ಸೇರುವಲ್ಲೇ ಇಳಿದು ಅಥವಾ ಕಾರಿನವರಾದರೆ ಅಲ್ಲೇ ಬಲಕ್ಕೆ ತಿರುಗಿ, ಸಾತಗಳ್ಳಿಯ ಕಡೆಯಿಂದ ಬೆಂಗಳೂರು ರಸ್ತೆಯ ಮಣಿಪಾಲ್ ಆಸ್ಪತ್ರೆ ಜಂಕ್ಷನ್, ಅಲ್ಲಿಂದ ಮುಂದೆ ಕೆಆರ್‌ಎಸ್ ರಸ್ತೆಯ ರಾಯಲ್ ಇನ್ ಜಂಕ್ಷನ್, ಅಲ್ಲಿ ಎಡಕ್ಕೆ ತಿರುಗಿ ಒಂಟಿಕೊಪ್ಪಲು, ಯಾದವಗಿರಿಯ ಬದಿಯಿಂದ ನಿಲ್ದಾಣಕ್ಕೆ ಇಳಿಯಬಹುದು. ಎರಡು ಕಿಲೋಮೀಟರಿನ ಬದಲು ಹದಿನೈದು ಕಿಲೋಮೀಟರಿಗೂ ಹೆಚ್ಚು. ಆದರೂ ಈ ದಾರಿ ಗೆರೆಯ ಉತ್ತರದ ತುದಿಯನ್ನು ದೂರದಿಂದಲೇ ಸುತ್ತಿ ಬರುತ್ತದೆ, ಎಲ್ಲೂ ಅದನ್ನು ಮುಟ್ಟುವುದಿಲ್ಲ. ನಗರದೊಳಗೆ ಬಿಡದ ಲಾರಿಗಳು ವರ್ತುಲ ರಸ್ತೆಗೇ ಬರುವುದರಿಂದ ಒಂದು ಗಂಟೆ ಹಿಡಿಯುತ್ತದೆಂದು ಇಟ್ಟುಕೊಳ್ಳಿ. ಸ್ವಂತ ವಾಹನವಿರುವವರಿಗೆ, ನಡೆಯಲಾಗದ ಹಿರಿಯರನ್ನು ಕರೆದೊಯ್ಯುವವರಿಗೆ ನಾನು ಹೇಳುವುದು ಇದನ್ನೇ. ಬೆಂಗಳೂರಿನಿಂದ ಕಾರಿನಲ್ಲಿ ಬಂದು ನಗರದ ಪಶ್ಚಿಮದ ಬಡಾವಣೆಗಳಿಗೆ ಹೋಗುವವರಿಗೂ ಇದೇ ದಾರಿ. ನೇರ ಒಳಗೆ ಬಂದರೆ ಬನ್ನಿಮಂಟಪದ ಬಾಯಿಗೇ ಬಂದು ಬೀಳುತ್ತಾರೆ.

ನಾಲ್ಕನೆಯದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಬನ್ನೂರಿನಿಂದ ಮಂಡ್ಯಕ್ಕೂ ರಸ್ತೆ ಇದೆ. ಮೈಸೂರಿಗೆ ಬಂದು ರೈಲು ಹತ್ತಿ ಮತ್ತೆ ಮಂಡ್ಯದ ಮೇಲೆಯೇ ಬೆಂಗಳೂರಿಗೆ ಹೋಗುವ ಬದಲು, ಅದೇ ರೈಲನ್ನು ಮಂಡ್ಯದಲ್ಲಿ ಹತ್ತಬಹುದು. ಕಾದಿರಿಸಿದ ಟಿಕೆಟಿನಲ್ಲಿ ರೈಲು ಹತ್ತುವ ನಿಲ್ದಾಣವನ್ನು ಮುಂದಿನ ನಿಲ್ದಾಣಕ್ಕೆ ಬದಲಾಯಿಸಿಕೊಳ್ಳಲು ರೈಲ್ವೆ ಅವಕಾಶ ಕೊಟ್ಟಿದೆ. ರೈಲು ಹೊರಡುವ 24 ಗಂಟೆಗೂ ಮೊದಲೇ ಇದನ್ನು ಮಾಡಿಬಿಡುವುದು ಒಳ್ಳೆಯದು. ಬದಲಾಯಿಸದೆ ಸುಮ್ಮನೆ ಮಂಡ್ಯದಲ್ಲಿ ಹತ್ತಿದರೆ, ಮೈಸೂರಿನಲ್ಲಿ ಬಾರದವರೆಂದು ಸೀಟು ಬೇರೆಯವರಿಗೆ ಹೋಗಿರಬಹುದು. ಒಮ್ಮೆ ಬದಲಾಯಿಸಿದ ಮೇಲೆ ಮತ್ತೆ ಮೈಸೂರಿನಲ್ಲೇ ಹತ್ತುತ್ತೇನೆಂದರೂ ಆ ಹಕ್ಕು ಇರುವುದಿಲ್ಲ. ಬನ್ನೂರಿನ ತಾಯಿ ಮಗಳಿಗೆ ಈ ನಾಲ್ಕರಲ್ಲಿ ಇದೇ ಮೇಲು. ಮೈಸೂರಿನ ದಟ್ಟಣೆಗೂ ಅವರಿಗೂ ಸಂಬಂಧವೇ ಉಳಿಯುವುದಿಲ್ಲ.

ನಂಜನಗೂಡು, ಚಾಮರಾಜನಗರದ ಕಡೆಯವರ ಸ್ಥಿತಿ ಬೇರೆ, ಇವರಿಗಿಂತ ಸುಲಭ. ಚಾಮರಾಜನಗರದ ರೈಲುಮಾರ್ಗ ಅಶೋಕಪುರಂ, ಚಾಮರಾಜಪುರಂ ನಿಲ್ದಾಣಗಳನ್ನು ಹಾದು ಮೈಸೂರು ಜಂಕ್ಷನ್ ಸೇರುತ್ತದೆ. ಇವೆಲ್ಲವೂ ಗೆರೆಯ ಪಶ್ಚಿಮದಲ್ಲೇ ಇವೆ. ಆ ದಿನ ಬಸ್ಸಿನ ಬದಲು ರೈಲಿನಲ್ಲಿ ಬಂದರೆ ಕೆ.ಆರ್. ಆಸ್ಪತ್ರೆಗಾಗಲಿ ಮುಂದಿನ ರೈಲಿಗಾಗಲಿ ಏನನ್ನೂ ದಾಟಬೇಕಿಲ್ಲ. ಬೆಂಗಳೂರಿನ ಕೆಲವು ರೈಲುಗಳು ಅಶೋಕಪುರದಿಂದಲೇ ಹೊರಡುತ್ತವೆ. ಆದರೆ ಟಿಕೆಟಿನಲ್ಲಿ ಮೈಸೂರು ಎಂದಿದ್ದರೆ, ಹತ್ತುವ ನಿಲ್ದಾಣವನ್ನು ಹಿಂದಿನ ಅಶೋಕಪುರಕ್ಕೆ ಬದಲಾಯಿಸಲು ಆಗುವುದಿಲ್ಲ. ಕಾದಿರಿಸುವಾಗಲೇ ಅಶೋಕಪುರದಿಂದ ಎಂದು ತೆಗೆದುಕೊಳ್ಳಬೇಕು.

ಆಸ್ಪತ್ರೆಯ ವಿಷಯದಲ್ಲಿ ಲೆಕ್ಕಾಚಾರ ಇನ್ನೂ ಮುಂಚಿತವಾಗಿ ಆಗಬೇಕು. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ ಮೆರವಣಿಗೆಯ ರಸ್ತೆಗೆ ಅಂಟಿಕೊಂಡೇ ಇವೆ. ಪಶ್ಚಿಮದಿಂದ, ಜೆಎಲ್‌ಬಿ ರಸ್ತೆಯ ಬದಿಯಿಂದ ಬರುವವರು ತಲುಪಬಹುದು. ಪೂರ್ವದಿಂದ ಬರುವವರಿಗೆ ಗೆರೆ ಅಡ್ಡ. ಹೆರಿಗೆಯ ದಿನ ಹತ್ತಿರವಿರುವ ಹೆಣ್ಣುಮಕ್ಕಳನ್ನು, ಡಯಾಲಿಸಿಸ್‌ನವರನ್ನು ಹಿಂದಿನ ದಿನವೇ ಆ ಬದಿಗೆ ಕರೆದೊಯ್ಯುವುದು ಅಥವಾ ಆ ದಿನದ ಮಟ್ಟಿಗೆ ಗೆರೆಯಾಚೆ ಹೋಗಬೇಕಿಲ್ಲದ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಸರಿ. ಅರಮನೆಯ ದಕ್ಷಿಣಕ್ಕೆ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ ಜೆಎಸ್‌ಎಸ್ ಆಸ್ಪತ್ರೆ, ಈಶಾನ್ಯದಲ್ಲಿ ವರ್ತುಲ ರಸ್ತೆಯ ಬಳಿಯ ಮಣಿಪಾಲ್ ಆಸ್ಪತ್ರೆ ಪೂರ್ವದವರಿಗೆ ದಾಟದೆ ಸಿಗುತ್ತವೆ. ತುರ್ತು ಬಂದರೆ ಸ್ವಂತ ಕಾರಿನಲ್ಲಿ ಸಾಹಸಪಡುವುದು ಬೇಡ, 108 ಕರೆಯಿರಿ. ಬ್ಯಾರಿಕೇಡಿನ ಬಳಿ ಆಂಬುಲೆನ್ಸಿಗೆ ಸಿಗುವ ದಾರಿ ಕಾರಿಗೆ ಸಿಗುವುದಿಲ್ಲ.

ಮೊಬೈಲಿನ ನಕ್ಷೆಯ ಬಗ್ಗೆ ಒಂದು ಮಾತು. ಬೆಳಿಗ್ಗೆ ಮನೆಯಲ್ಲಿ ಕುಳಿತು ನೋಡಿದರೆ ಅದು ಆಗಿನ ಸಂಚಾರ ನೋಡಿ ಸಮಯ ಹೇಳುತ್ತದೆ. ಆಗ ರಸ್ತೆ ಇನ್ನೂ ಮುಚ್ಚಿರುವುದಿಲ್ಲ, ಹದಿನೈದು ನಿಮಿಷ ಎನ್ನುತ್ತದೆ. ಮಧ್ಯಾಹ್ನದ ಹೊತ್ತಿಗೆ ಆ ಉತ್ತರಕ್ಕೆ ಬೆಲೆ ಇರುವುದಿಲ್ಲ. ದಾರಿ ಗೊತ್ತುಮಾಡಲು ಅಧಿಸೂಚನೆಯನ್ನು ನೋಡಿ, ಆಯ್ದ ದಾರಿಯಲ್ಲಿ ಎಲ್ಲಿದ್ದೇನೆ ಎಂದು ತಿಳಿಯಲು ಮಾತ್ರ ನಕ್ಷೆ ಬಳಸಿ. ವರ್ತುಲ ರಸ್ತೆಯಲ್ಲಿ ಹೋಗುವಾಗ ಅದು ಪದೇ ಪದೇ ಒಳಗೆ ತಿರುಗಿ ಎಂದು ಹೇಳಿದರೂ ತಿರುಗಬೇಡಿ.

ಹಬ್ಬಕ್ಕೆ ಮೊದಲಿನ ವಾರಗಳಲ್ಲೂ ಇದೇ ರಸ್ತೆಯಲ್ಲಿ ಸಣ್ಣ ತಡೆಗಳಿರುತ್ತವೆ. ಆನೆಗಳಿಗೆ ಬೆಳಿಗ್ಗೆ, ಸಂಜೆ ತಾಲೀಮು ನಡೆಯುತ್ತದೆ. ಮೊದಲು ಬರಿಮೈಯಲ್ಲಿ, ಆಮೇಲೆ ಮರಳು ಮೂಟೆ ಹೊತ್ತು, ಕೊನೆಗೆ ಮರದ ಅಂಬಾರಿ ಹೊತ್ತು ಬನ್ನಿಮಂಟಪದವರೆಗೆ ನಡೆಯುತ್ತವೆ. ಆಗ ರಸ್ತೆ ಮುಚ್ಚುವುದಿಲ್ಲ, ಆನೆಗಳು ಸಾಗಿದಂತೆ ಪೊಲೀಸರು ಹಿಂದೆ ಮುಂದೆ ಸಂಚಾರ ತಡೆದು ಬಿಡುತ್ತಾರೆ. ಶಾಲೆಗೆ, ಕಚೇರಿಗೆ ಹೋಗುವವರು ಹತ್ತು ಹದಿನೈದು ನಿಮಿಷ ಮೊದಲು ಹೊರಟರೆ ಸಾಕಾಗುತ್ತದೆ. ದೀಪಾಲಂಕಾರದ ಸಂಜೆಗಳಲ್ಲಿ ಅರಮನೆಯ ಸುತ್ತ ಏಕಮುಖ ಸಂಚಾರ ಮಾಡುತ್ತಾರೆ. ಗೆರೆಯ ಲೆಕ್ಕ ಆಗ ಬೇಕಿಲ್ಲ, ಸುತ್ತಿನ ದಿಕ್ಕು ಯಾವುದೆಂದು ತಿಳಿದರೆ ಆಯಿತು.

ಕೊನೆಯದಾಗಿ ಜಿಲ್ಲಾಡಳಿತಕ್ಕೂ ಸಾರಿಗೆ ನಿಗಮಕ್ಕೂ ಒಂದು ಕೋರಿಕೆ. ತಾತ್ಕಾಲಿಕ ನಿಲ್ದಾಣ ಎಲ್ಲಿ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ ಎಂಬ ಫಲಕ ಮೈಸೂರಿನಲ್ಲಿ ನೇತಾಡಿದರೆ ಬನ್ನೂರಿನವರಿಗೆ ಪ್ರಯೋಜನವಿಲ್ಲ. ಅವರು ಅದನ್ನು ನೋಡುವ ಹೊತ್ತಿಗೆ ಬಸ್ಸಿನಿಂದ ಇಳಿದಾಗಿರುತ್ತದೆ. ಬನ್ನೂರು, ತಿ. ನರಸೀಪುರ, ಕೊಳ್ಳೇಗಾಲ, ನಂಜನಗೂಡಿನ ನಿಲ್ದಾಣಗಳಲ್ಲಿ ಒಂದು ವಾರ ಮೊದಲೇ ಆ ಫಲಕ ಹಾಕಿಸಿ. ಅದರ ಕೆಳಗೆ, ರೈಲು ಹಿಡಿಯುವವರು ಬೆಳಿಗ್ಗೆ 11ರೊಳಗೆ ಸಯ್ಯಾಜಿರಾವ್ ರಸ್ತೆ ದಾಟಿರಬೇಕು ಎಂಬ ಒಂದು ಸಾಲನ್ನೂ ಬರೆಸಿ.